ಪಿಚ್ ಸ್ಪರ್ಧೆಗೆ ಜಡ್ಜ್ ಆಗಿ ಕರೆದಿದ್ದಾರೆಯೇ? ವೇಟೇಜ್ ಮೊದಲು, ವೇದಿಕೆ ಆಮೇಲೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಇದು: "ನಾನು ಮಂಡಿ ವ್ಯಾಪಾರ ಮಾಡೋನು. ಕಾಲೇಜಿನವರು ಸ್ಟಾರ್ಟಪ್ ಸ್ಪರ್ಧೆಗೆ ಜಡ್ಜ್ ಆಗಿ ಬನ್ನಿ ಅಂದಿದ್ದಾರೆ. ಅಂಕ ಹೇಗೆ ಕೊಡಲಿ ಸಾರ್?" ಕೇಳುವವರು ಕೆಲವೊಮ್ಮೆ ಲೆಕ್ಕಪರಿಶೋಧಕರು, ಕೆಲವೊಮ್ಮೆ ಮೇಷ್ಟ್ರು, ಕೆಲವೊಮ್ಮೆ ಸ್ಪರ್ಧೆ ನಡೆಸುವ ಹುಡುಗರೇ. ಎಲ್ಲರಿಗೂ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಪಿಚ್ ಅಂದರೆ ಐದಾರು ನಿಮಿಷದಲ್ಲಿ ತಮ್ಮ ಉದ್ಯಮದ ಯೋಜನೆಯನ್ನು ವೇದಿಕೆಯ ಮೇಲೆ ಹೇಳುವುದು. ಅದನ್ನು ಸಾಮಾನ್ಯವಾಗಿ ನಾಲ್ಕು ಬಾಬತ್ತಿನಲ್ಲಿ ಅಳೆಯುತ್ತಾರೆ: ಸಮಸ್ಯೆ ನಿಜವೇ, ಮಾರುಕಟ್ಟೆ ಎಷ್ಟಿದೆ, ತಂಡ ಇದನ್ನು ಮಾಡಬಲ್ಲದೇ, ಟ್ರಾಕ್ಷನ್ ಇದೆಯೇ. ಟ್ರಾಕ್ಷನ್ ಅಂದರೆ ಗಿರಾಕಿ ನಿಜವಾಗಿ ಬಳಸುತ್ತಿದ್ದಾನೆ, ದುಡ್ಡು ಕೊಡುತ್ತಿದ್ದಾನೆ ಅನ್ನುವುದಕ್ಕೆ ಇರುವ ಗುರುತು. ಈ ನಾಲ್ಕರಲ್ಲಿ ಯಾವುದಕ್ಕೆ ನೂರಕ್ಕೆ ಎಷ್ಟು ಪಾಲು ಅನ್ನುವುದೇ ವೇಟೇಜ್. ಪ್ರತಿ ಬಾಬತ್ತಿಗೆ 1ರಿಂದ 5ರವರೆಗೆ ಅಂಕ ಕೊಟ್ಟು, ವೇಟೇಜಿನಿಂದ ಗುಣಿಸಿ ಕೂಡಿ, ನೂರರಿಂದ ಭಾಗಿಸಿದರೆ ತಂಡದ ಒಟ್ಟು ಅಂಕ ಬರುತ್ತದೆ.

ಇದು ಸುಲಭದ ಲೆಕ್ಕವೇ. ಎಡವಟ್ಟಾಗುವುದು ಬೇರೆ ಕಡೆ.

1. ಬಹುಮಾನ ಯಾತಕ್ಕೆ ಎಂದು ಕೇಳಿ, ಆಮೇಲೆ ವೇಟೇಜ್ ಬರೆಯಿರಿ

ಸ್ಪರ್ಧೆಗೆ ಕನಿಷ್ಠ ಒಂದು ವಾರ ಮೊದಲು ಆಯೋಜಕರೂ ಎಲ್ಲ ಜಡ್ಜ್‌ಗಳೂ ಅರ್ಧ ಗಂಟೆ ಕೂತು ವೇಟೇಜ್ ಗೊತ್ತು ಮಾಡಬೇಕು. ಫೋನಿನಲ್ಲಾದರೂ ಸರಿ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಗೆದ್ದವರಿಗೆ ಏನು ಸಿಗುತ್ತದೆ? ಆರು ತಿಂಗಳ ಮಾರ್ಗದರ್ಶನ, ಕೂತು ಕೆಲಸ ಮಾಡಲು ಜಾಗ ಕೊಡುವುದಾದರೆ ಕಲಿಯಬಲ್ಲ ತಂಡ ಮುಖ್ಯ. ಈಗಾಗಲೇ ಓಡುತ್ತಿರುವ ವ್ಯಾಪಾರವನ್ನು ದೊಡ್ಡದು ಮಾಡಲು ಹಣ ಕೊಡುವುದಾದರೆ ಸಮಸ್ಯೆ, ಟ್ರಾಕ್ಷನ್ ಎರಡೂ ಹೆಚ್ಚು ತೂಗಬೇಕು.

ಮೊದಲೇ ಯಾಕೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ಪೂರ್ತಿ ಬಿಡಿಸುತ್ತೇನೆ. ಎರಡು ತಂಡ ಇವೆ. ಒಂದು ಮೆಕ್ಕೆಜೋಳ ಒಣಗಿಸುವ ಯಂತ್ರವನ್ನು ಟ್ರಾಕ್ಟರಿಗೆ ಕಟ್ಟಿಕೊಂಡು ಹಳ್ಳಿಗೇ ಒಯ್ದು ಬಾಡಿಗೆಗೆ ಓಡಿಸುವ ತಂಡ. ರಸ್ತೆ ಮೇಲೆ ಜೋಳ ಹರವಿ ಮಳೆಗೆ ಹೆದರುವ ರೈತರನ್ನು ಈ ಭಾಗದವರಿಗೆ ಹೊಸದಾಗಿ ತೋರಿಸಬೇಕಿಲ್ಲ. ಇನ್ನೊಂದು, ಹಾಸ್ಟೆಲ್ ಹುಡುಗರಿಗೆ ಊಟ ತಲುಪಿಸುವ ಆ್ಯಪ್ ಮಾಡಿದ ವಿದ್ಯಾರ್ಥಿಗಳ ತಂಡ. ಸಮಸ್ಯೆ, ಮಾರುಕಟ್ಟೆ, ತಂಡ, ಟ್ರಾಕ್ಷನ್ ಇದೇ ಕ್ರಮದಲ್ಲಿ ಯಂತ್ರದವರಿಗೆ 5, 3, 3, 4 ಅಂಕ. ಆ್ಯಪ್‌ನವರಿಗೆ 3, 4, 5, 2.

ವೇಟೇಜ್ 30, 15, 25, 30 ಎಂದು ಇಟ್ಟರೆ ಯಂತ್ರದವರಿಗೆ 3.90, ಆ್ಯಪ್‌ನವರಿಗೆ 3.35. ಯಂತ್ರ ಗೆದ್ದಿತು. ಅದೇ ಅಂಕಗಳಿಗೆ ವೇಟೇಜ್ 25, 20, 40, 15 ಎಂದು ಇಟ್ಟರೆ ಯಂತ್ರಕ್ಕೆ 3.65, ಆ್ಯಪ್‌ಗೆ 3.85. ಈಗ ಆ್ಯಪ್ ಗೆದ್ದಿತು. ಒಂದು ಅಂಕವೂ ಬದಲಾಗಿಲ್ಲ, ಗೆದ್ದವರು ಮಾತ್ರ ಬದಲಾದರು. ಎರಡೂ ವೇಟೇಜ್ ತಮ್ಮ ತಮ್ಮ ಜಾಗದಲ್ಲಿ ಸರಿಯಾದವೇ. ಅಂಕ ಬಂದ ಮೇಲೆ "ತಂಡಕ್ಕೆ ಸ್ವಲ್ಪ ಜಾಸ್ತಿ ಇಡೋಣ" ಎಂದು ಯಾರಾದರೂ ಹೇಳಿದರೆ, ತಿಳಿದೋ ತಿಳಿಯದೆಯೋ ಅವರು ಗೆಲ್ಲುವವರನ್ನೇ ಆರಿಸುತ್ತಿರುತ್ತಾರೆ. ನಾನು ಕೂತಿದ್ದ ಒಂದು ಸ್ಪರ್ಧೆಯಲ್ಲಿ ಊಟದ ಹೊತ್ತಿಗೆ ಇದೇ ಆಯಿತು. ಆ ಮಾತು ಆಡಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲವಲ್ಲ.

ಒಪ್ಪಿದ ವೇಟೇಜನ್ನು ಅವತ್ತೇ ತಂಡಗಳಿಗೂ ಕಳಿಸಿ. ಹೊರಗೆ ಹೋದ ಮೇಲೆ ಅದನ್ನು ತಿದ್ದುವುದು ಯಾರಿಗೂ ಸುಲಭವಲ್ಲ.

2. ಮೂರು ಅಂದರೆ ಏನು ಎಂದು ಬರೆದಿಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ವೇಟೇಜ್ ಬರೆದ ಮಾತ್ರಕ್ಕೆ ಅದು ಅಷ್ಟೇ ತೂಗುತ್ತದೆ ಎಂದುಕೊಳ್ಳಬೇಡಿ.

ಟ್ರಾಕ್ಷನ್‌ಗೆ 30 ಇಟ್ಟಿದ್ದೀರಿ ಎನ್ನಿ. ಬಂದವರೆಲ್ಲ ಹೊಸಬರು. "ಎಲ್ಲರೂ ಈಗ ತಾನೇ ಶುರು ಮಾಡಿದ್ದಾರೆ ಪಾಪ" ಎಂದು ಜಡ್ಜ್‌ಗಳು ಎಲ್ಲರಿಗೂ 2 ಇಲ್ಲವೇ 3 ಕೊಡುತ್ತಾರೆ. ಆಗ ಟ್ರಾಕ್ಷನ್‌ನಿಂದ ಎರಡು ತಂಡಗಳ ನಡುವೆ ಬರಬಹುದಾದ ಅತಿ ಹೆಚ್ಚಿನ ಅಂತರ ಒಂದು ಅಂಕದ ಶೇ 30, ಅಂದರೆ 0.30. ತಂಡಕ್ಕೆ ಇಟ್ಟದ್ದು 25 ಮಾತ್ರ. ಆದರೆ ಅಲ್ಲಿ 1ರಿಂದ 5ರವರೆಗೂ ಅಂಕ ಹರಡಿವೆ. ಅಂತರ ನಾಲ್ಕು ಅಂಕದ ಶೇ 25, ಅಂದರೆ 1.00. ಕಾಗದದ ಮೇಲೆ ಟ್ರಾಕ್ಷನ್ ದೊಡ್ಡದು, ಫಲಿತಾಂಶ ಗೊತ್ತು ಮಾಡಿದ್ದು ತಂಡ. ಎಲ್ಲರಿಗೂ ಒಂದೇ ಅಂಕ ಸಿಕ್ಕ ಬಾಬತ್ತಿನ ವೇಟೇಜ್ ಎಷ್ಟಿದ್ದರೂ ಅದು ಸೊನ್ನೆಯೇ.

ಇದಕ್ಕೆ ಮದ್ದು ಮೆಟ್ಟಿಲು. ಪ್ರತಿ ಅಂಕಕ್ಕೂ ಕಣ್ಣಿಗೆ ಕಾಣುವ ಒಂದು ಗುರುತು ಬರೆದಿಡಬೇಕು. ಟ್ರಾಕ್ಷನ್‌ಗೆ ನಾನು ಬಳಸುವ ಮೆಟ್ಟಿಲು ಹೀಗಿದೆ:

1 — ಯೋಚನೆ ಮಾತ್ರ ಇದೆ.
2 — ಗಿರಾಕಿಗಳ ಬಳಿ ಹೋಗಿ ಮಾತಾಡಿದ್ದಾರೆ, ಯಾರು ಏನು ಹೇಳಿದರು ಎಂದು ಹೇಳಬಲ್ಲರು.
3 — ಗಿರಾಕಿಗಳು ಪುಕ್ಕಟೆಯಾಗಿ ಬಳಸಿ ನೋಡಿದ್ದಾರೆ.
4 — ಪರಿಚಯವಿಲ್ಲದ ಗಿರಾಕಿ ದುಡ್ಡು ಕೊಟ್ಟಿದ್ದಾನೆ.
5 — ದುಡ್ಡು ಕೊಟ್ಟವನು ಮತ್ತೆ ಬಂದು ಕೊಟ್ಟಿದ್ದಾನೆ.

ಹೊಸಬರ ನಡುವೆಯೂ ಇದು ಅಂಕಗಳನ್ನು ಹರಡುತ್ತದೆ. ಹತ್ತು ವರ್ಷ ಹಳೆಯ ಕಂಪನಿಗಳ ಸ್ಪರ್ಧೆಯಾದರೆ ಈ ಮೆಟ್ಟಿಲು ನಡೆಯುವುದಿಲ್ಲ, ಎಲ್ಲರೂ 5ರಲ್ಲೇ ನಿಲ್ಲುತ್ತಾರೆ. ಮೆಟ್ಟಿಲನ್ನು ಬರುವ ತಂಡಗಳ ಹಂತ ನೋಡಿಯೇ ಕಟ್ಟಬೇಕು.

ಟ್ರಾಕ್ಷನ್ ಹೆಸರಿನಲ್ಲಿ ನುಸುಳುವ ಕಾಗದಗಳ ಬಗ್ಗೆ ಎಚ್ಚರ. ಸ್ಟಾರ್ಟಪ್ ಇಂಡಿಯಾದ ಮಾನ್ಯತಾ ಪತ್ರ, ಉದ್ಯಮ ನೋಂದಣಿ, ಜಿಎಸ್‌ಟಿ ಸಂಖ್ಯೆ ಇವು ಕಂಪನಿ ಇದೆ ಎಂಬುದಕ್ಕೆ ಪುರಾವೆ. ಗಿರಾಕಿ ಇದ್ದಾನೆ ಎಂಬುದಕ್ಕಲ್ಲ. ಬೇರೆ ಸ್ಪರ್ಧೆಯಲ್ಲಿ ಗೆದ್ದ ಫಲಕವೂ ಹಾಗೆಯೇ. ಆ್ಯಪ್ ಎಷ್ಟು ಸಾವಿರ ಡೌನ್‌ಲೋಡ್ ಆಗಿದೆ ಎಂದರೆ, ಕಳೆದ ವಾರ ಎಷ್ಟು ಜನ ಆರ್ಡರ್ ಮಾಡಿದರು ಎಂದು ಕೇಳಿ. ಒಪ್ಪಂದ ಪತ್ರ ತೋರಿಸಿದರೆ ಅದರಲ್ಲಿ ಮೊತ್ತ, ತಾರೀಖು ಇದೆಯೇ ನೋಡಿ. "ಮುಂದೆ ಆಸಕ್ತಿಯಿದೆ" ಎಂಬ ಪತ್ರಕ್ಕೆ 2ಕ್ಕಿಂತ ಹೆಚ್ಚು ಕೊಡಬೇಡಿ. ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಜಮಾ ಪಟ್ಟಿ ಸಾಕು, ಮೊಬೈಲಿನಲ್ಲಿ ತೋರಿಸಿದರೂ ನಡೆಯುತ್ತದೆ.

ತಂಡದ ಮೆಟ್ಟಿಲು ಕಟ್ಟುವಾಗ ಇಂಗ್ಲಿಷನ್ನು ಹೊರಗಿಡಿ. ಚಳ್ಳಕೆರೆಯ ಶೇಂಗಾ ಎಣ್ಣೆ ಗಾಣದವನ ಮಗ ಕನ್ನಡದಲ್ಲಿ ಪಿಚ್ ಮಾಡಿದಾಗ "ಆತ್ಮವಿಶ್ವಾಸ ಕಮ್ಮಿ" ಎಂದು ಬರೆಯುವ ಜಡ್ಜ್‌ಗಳನ್ನು ನೋಡಿದ್ದೇನೆ. ಮಾತಿನ ಬದಲು ಎರಡು ವಿಷಯ ನೋಡಿ. ಈ ಕೆಲಸದ ಅತ್ಯಂತ ಕಷ್ಟದ ಭಾಗವನ್ನು ಮಾಡಬಲ್ಲವರು ತಂಡದೊಳಗೇ ಇದ್ದಾರೆಯೇ? ಗಿರಾಕಿ ಹೇಳಿದ್ದನ್ನು ಕೇಳಿ ಏನನ್ನಾದರೂ ಬದಲಾಯಿಸಿದ್ದಾರೆಯೇ? ಎರಡನೆಯದಕ್ಕೆ ನಿರ್ದಿಷ್ಟ ಉತ್ತರ ಬಂದರೆ 4 ಕೊಡಲು ನಾನು ಹಿಂಜರಿಯುವುದಿಲ್ಲ.

3. ಯಾರು ಯಾರಿಗೆ ಬೇಕಾದವರು, ಮೊದಲೇ ಹೇಳಿಸಿ

ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಪ್ರಾಜೆಕ್ಟ್ ಗೈಡ್ ಆಗಿದ್ದ ಮೇಷ್ಟ್ರೇ ಜಡ್ಜ್, ಪ್ರಾಯೋಜಕರ ಅಣ್ಣನ ಮಗ ಸ್ಪರ್ಧಿ. ಅವರನ್ನು ಕರೆಯಲೇಬೇಡಿ ಎಂದರೆ ಜಡ್ಜ್‌ಗಳೇ ಉಳಿಯುವುದಿಲ್ಲ. ತಂಡಗಳ ಪಟ್ಟಿ ಮೊದಲೇ ಕಳಿಸಿ, ಸಂಬಂಧ ಇದ್ದವರು ಬರೆದು ತಿಳಿಸಲಿ. ಆ ಒಂದು ತಂಡಕ್ಕೆ ಅವರು ಅಂಕವನ್ನೂ ಕೊಡುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಹೀಗೆ ಹಿಂದೆ ಸರಿದಾಗ ಲೆಕ್ಕದಲ್ಲಿ ಒಂದು ತೊಡಕು ಬರುತ್ತದೆ. ಅದನ್ನು ಏಳನೇ ಹಂತದಲ್ಲಿ ಬಿಡಿಸಿದ್ದೇನೆ.

4. ಒಂದು ಪಿಚ್‌ಗೆ ಎಲ್ಲರೂ ಅಂಕ ಕೊಟ್ಟು ನೋಡಿ

ಈ ಸ್ಪರ್ಧೆಗೆ ಸಂಬಂಧವಿಲ್ಲದ ಒಂದು ಹಳೆಯ ಪಿಚ್ ವಿಡಿಯೊ ಹಾಕಿ, ಜಡ್ಜ್‌ಗಳೆಲ್ಲ ಬೇರೆ ಬೇರೆಯಾಗಿ ಅಂಕ ಬರೆಯಲಿ. ಒಂದೇ ಬಾಬತ್ತಿನಲ್ಲಿ ಇಬ್ಬರ ನಡುವೆ ಎರಡು ಅಂಕದಷ್ಟು ಅಂತರ ಬಂದರೆ ಜಗಳ ಬೇಡ. ಮೆಟ್ಟಿಲಿನ ಮಾತು ಇಬ್ಬರಿಗೂ ಬೇರೆ ಬೇರೆಯಾಗಿ ಅರ್ಥವಾಗಿದೆ ಎಂದಷ್ಟೇ ತಿಳಿದು ಆ ಸಾಲನ್ನು ತಿದ್ದಿ. ಇಪ್ಪತ್ತು ನಿಮಿಷದ ಕೆಲಸ.

5. ಅವತ್ತಿನ ದಿನ

ಸಮಯದ ಲೆಕ್ಕ ಮೊದಲು. ಐದು ನಿಮಿಷ ಪಿಚ್, ಐದು ನಿಮಿಷ ಪ್ರಶ್ನೆ, ಎರಡು ನಿಮಿಷ ಅಂಕ ಬರೆಯಲು. 12 ತಂಡಕ್ಕೆ 144 ನಿಮಿಷ, ಅಂದರೆ ಎರಡು ಗಂಟೆ 24 ನಿಮಿಷ. ಆಯೋಜಕರು ಕೊನೆಯ ಎರಡು ನಿಮಿಷವನ್ನು ಯಾವಾಗಲೂ ಮರೆಯುತ್ತಾರೆ. ಆಗ ಜಡ್ಜ್‌ಗಳು ಮುಂದಿನ ತಂಡ ಮಾತಾಡುವಾಗ ಹಿಂದಿನ ತಂಡಕ್ಕೆ ಅಂಕ ಹಾಕುತ್ತಾ ಕೂರುತ್ತಾರೆ. ಮುಖ್ಯ ಅತಿಥಿಗಳ ಭಾಷಣವನ್ನು ಈ ಲೆಕ್ಕದ ಹೊರಗೆ ಇಡಿ, ಅದರ ಉದ್ದ ದೇವರಿಗೂ ಗೊತ್ತಿರುವುದಿಲ್ಲ.

ಅಂಕ ಬರೆದ ಮೇಲೆಯೇ ಪಕ್ಕದವರ ಜೊತೆ ಚರ್ಚೆ. ಮೊದಲೇ ಮಾತಾಡಿದರೆ ಹಿರಿಯರು ಹೇಳಿದ್ದೇ ಎಲ್ಲರ ಅಂಕವಾಗುತ್ತದೆ. ತಂಡಗಳ ಸರದಿಯನ್ನು ಚೀಟಿ ಎತ್ತಿ ಗೊತ್ತು ಮಾಡಿ. ಮೊದಲು ಬಂದ ತಂಡಕ್ಕೆ ಹೋಲಿಸಲು ಏನೂ ಇರುವುದಿಲ್ಲವಾದ್ದರಿಂದ ಸುರಕ್ಷಿತವಾಗಿ 3 ಹಾಕಿ ಬಿಡುವ ಅಭ್ಯಾಸ ನಮಗೆಲ್ಲ ಇದೆ. ಮೂರನೇ ತಂಡ ಮುಗಿದ ಮೇಲೆ ಮೊದಲ ಎರಡರ ಅಂಕವನ್ನು ಮೆಟ್ಟಿಲು ಇಟ್ಟುಕೊಂಡು ಇನ್ನೊಮ್ಮೆ ನೋಡಲು ಎಲ್ಲರಿಗೂ ಅವಕಾಶ ಕೊಡಿ. ಆಮೇಲೆ ತಿದ್ದುವುದಾದರೆ ಕಾರಣ ಬರೆದು ಸಹಿ ಹಾಕಬೇಕು.

ಪ್ರಶ್ನೆ ಕೇಳುವುದರಲ್ಲಿ ಮಂಡಿ ವ್ಯಾಪಾರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಅದೇ ಮೆಕ್ಕೆಜೋಳದ ಯಂತ್ರ ತೆಗೆದುಕೊಳ್ಳಿ. ಸಮಸ್ಯೆ ಇದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ರೈತ ದುಡ್ಡು ಕೊಡುವಷ್ಟು ಅದು ದೊಡ್ಡದೇ? ನೂರು ಕೆಜಿ ಹಸಿ ಜೋಳದಲ್ಲಿ ಶೇ 20 ತೇವಾಂಶವಿದ್ದರೆ ಒಣ ಅಂಶ 80 ಕೆಜಿ. ತೇವಾಂಶವನ್ನು ಶೇ 14ಕ್ಕೆ ಇಳಿಸಿದಾಗ ಆ 80 ಕೆಜಿಯೇ ಒಟ್ಟು ತೂಕದ ಶೇ 86 ಆಗುತ್ತದೆ, ಅಂದರೆ ಕೈಗೆ ಉಳಿಯುವುದು ಸುಮಾರು 93 ಕೆಜಿ. ಒಣ ಜೋಳಕ್ಕೆ ಕ್ವಿಂಟಲಿಗೆ 2,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ 93 ಕೆಜಿಗೆ 1,860. ಒಣಗಿಸುವ ಬಾಡಿಗೆ 80 ಕಳೆದರೆ 1,780. ಹಸಿ ಜೋಳವನ್ನೇ 1,800ಕ್ಕೆ ಕೊಳ್ಳುವ ವರ್ತಕ ಇರುವ ದಿನ ರೈತ ಈ ಯಂತ್ರದ ಹತ್ತಿರ ಸುಳಿಯುವುದಿಲ್ಲ. 1,600ಕ್ಕೆ ಕೇಳುವ ಮಳೆಗಾಲದ ದಿನ ಸರದಿ ನಿಲ್ಲುತ್ತಾನೆ. "ವರ್ಷದಲ್ಲಿ ಎಷ್ಟು ದಿನ ಹಸಿ ಜೋಳದ ರೇಟು ಅಷ್ಟು ಕೆಳಗಿರುತ್ತೆ?" ಎಂದು ಕೇಳಿ ನೋಡಿ. ಹುಡುಗರು ಎಪಿಎಂಸಿಯಲ್ಲಿ ನಾಲ್ಕು ಬೆಳಿಗ್ಗೆ ಕಳೆದಿದ್ದಾರೋ ಇಲ್ಲವೋ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಿದ್ದರೆ ಸಮಸ್ಯೆಗೆ 5. ರಸ್ತೆ ಮೇಲಿನ ಜೋಳದ ಫೋಟೊ ಮಾತ್ರ ಇದ್ದರೆ 3.

ಮಾರುಕಟ್ಟೆಯ ಲೆಕ್ಕವನ್ನೂ ಹೀಗೆ ತಳದಿಂದ ಕಟ್ಟಿಸಿ. "ದೇಶದ ಕೃಷಿ ಮಾರುಕಟ್ಟೆ ಇಷ್ಟು ಲಕ್ಷ ಕೋಟಿ, ನಮಗೆ ಶೇ 1 ಸಿಕ್ಕರೆ ಸಾಕು" ಎಂಬುದು ಲೆಕ್ಕವಲ್ಲ. ಆ ಒಂದು ಶೇಕಡಾ ಯಾವ ದಾರಿಯಿಂದ ಬರುತ್ತದೆ ಎಂದು ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ಒಂದು ಯಂತ್ರ ದಿನಕ್ಕೆ 40 ಕ್ವಿಂಟಲ್, ಹಂಗಾಮಿನಲ್ಲಿ 45 ದಿನ, ಕ್ವಿಂಟಲಿಗೆ 80 ರೂಪಾಯಿ ಎಂದರೆ ಹಂಗಾಮಿಗೆ 1,44,000 ರೂಪಾಯಿ. ಮೂರು ವರ್ಷದಲ್ಲಿ 50 ಯಂತ್ರ ಓಡಿಸಬಲ್ಲರಾದರೆ ಹಂಗಾಮಿಗೆ 72 ಲಕ್ಷ. ಸಂಖ್ಯೆ ಚಿಕ್ಕದಾಗಿ ಕಂಡರೂ ಪ್ರತಿ ತುಂಡನ್ನೂ ಪ್ರಶ್ನಿಸಬಹುದು: 45 ದಿನವೂ ಕೆಲಸ ಸಿಗುತ್ತದೆಯೇ, ಉಳಿದ ತಿಂಗಳಲ್ಲಿ ಯಂತ್ರ ಏನು ಮಾಡುತ್ತದೆ? ಪ್ರಶ್ನಿಸಬಹುದಾದ ಚಿಕ್ಕ ಸಂಖ್ಯೆಗೆ ಹೆಚ್ಚು ಅಂಕ ಕೊಡಿ.

6. ಕೂಡುವಾಗ ಒಂದು ಡಾಲರ್ ಗುರುತು

ಅಂಕ ಕೂಡಲು ಎಲ್ಲರೂ ಸ್ಪ್ರೆಡ್‌ಶೀಟ್ ಬಳಸುತ್ತಾರೆ. ಮೊದಲ ಸಾಲಿನಲ್ಲಿ ತಲೆಬರಹ, ಎರಡನೇ ಸಾಲಿನ C2ರಿಂದ F2ರವರೆಗೆ ನಾಲ್ಕು ವೇಟೇಜ್, ಮೂರನೇ ಸಾಲಿನಿಂದ ತಂಡಗಳ ಅಂಕ ಇದ್ದರೆ ಮೂರನೇ ಸಾಲಿನ ಸೂತ್ರ ಹೀಗಿರಬೇಕು:

```
=SUMPRODUCT(C3:F3,$C$2:$F$2)/SUM($C$2:$F$2)
```

ಡಾಲರ್ ಗುರುತು ಬಿಟ್ಟು ಈ ಸೂತ್ರವನ್ನು ಕೆಳಗೆ ಎಳೆದರೆ, ನಾಲ್ಕನೇ ಸಾಲಿನ ತಂಡಕ್ಕೆ ವೇಟೇಜ್ ಬದಲು ಮೂರನೇ ಸಾಲಿನ ತಂಡದ ಅಂಕಗಳೇ ವೇಟೇಜ್ ಆಗಿ ಕೂರುತ್ತವೆ. ಭಯದ ಸಂಗತಿ ಏನೆಂದರೆ ಉತ್ತರ ಆಗಲೂ 1ರಿಂದ 5ರ ಒಳಗೇ ಬರುತ್ತದೆ, ನೋಡಲು ಏನೂ ತಪ್ಪು ಕಾಣುವುದಿಲ್ಲ. ಅದಕ್ಕೇ ಪಟ್ಟಿಯ ಕೊನೆಯ ತಂಡದ ಒಟ್ಟು ಅಂಕವನ್ನು ಒಬ್ಬರು ಕಾಗದದ ಮೇಲೆ ಕೈಯಾರೆ ಲೆಕ್ಕ ಮಾಡಿ ತಾಳೆ ನೋಡಬೇಕು. ಮೊದಲ ತಂಡದ್ದನ್ನು ತಾಳೆ ನೋಡಿ ಪ್ರಯೋಜನವಿಲ್ಲ, ಅದು ಯಾವಾಗಲೂ ಸರಿಯಾಗಿಯೇ ಇರುತ್ತದೆ.

7. ಒಬ್ಬ ಜಡ್ಜ್ ಒಂದು ತಂಡಕ್ಕೆ ಅಂಕ ಕೊಡದಿದ್ದಾಗ

ತಡವಾಗಿ ಬಂದು ಮೊದಲ ತಂಡಗಳನ್ನು ನೋಡದವರ ವಿಷಯ ಸರಳ. ಅವರ ಅಂಕವನ್ನು ಪೂರ್ತಿ ಬಿಡಿ, ಕೂತು ಪ್ರಶ್ನೆ ಕೇಳಲಿ, ಕಾಫಿ ಕುಡಿಯಲಿ. ಈ ನಿಯಮವನ್ನೂ ವೇಟೇಜಿನ ಜೊತೆಗೇ ಒಪ್ಪಿಸಿಕೊಂಡಿರಬೇಕು, ಇಲ್ಲದಿದ್ದರೆ ಅವತ್ತು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಸಂಬಂಧದ ಕಾರಣಕ್ಕೆ ಹಿಂದೆ ಸರಿದವರ ಅಂಕವನ್ನು ಹಾಗೆ ಬಿಡಲಾಗದು. ಆದರೆ ಬರೀ ಸರಾಸರಿ ತೆಗೆದರೆ ಅನ್ಯಾಯವಾಗುತ್ತದೆ. ಮೂವರು ಜಡ್ಜ್‌ಗಳಲ್ಲಿ ಮೂರನೆಯವರು ಬಿಗಿ ಕೈಯವರು ಎನ್ನಿ. ಒಂದು ತಂಡಕ್ಕೆ ಮೊದಲ ಇಬ್ಬರೂ 4.0 ಕೊಟ್ಟರು, ಮೂರನೆಯವರು ಹಿಂದೆ ಸರಿದರು. ಸರಾಸರಿ 4.0. ಇನ್ನೊಂದು ತಂಡಕ್ಕೆ ಮೊದಲ ಇಬ್ಬರು 4.2, ಬಿಗಿ ಕೈಯವರು 3.0. ಸರಾಸರಿ 3.8. ಇಬ್ಬರೂ ಹೆಚ್ಚು ಎಂದ ತಂಡವೇ ಸೋತಿತು!

ಸರಿಪಡಿಸುವುದು ಹೀಗೆ. ಪ್ರತಿ ಜಡ್ಜ್ ಎಲ್ಲ ತಂಡಗಳಿಗೆ ಕೊಟ್ಟ ಅಂಕದ ಸರಾಸರಿ ತೆಗೆಯಿರಿ. ಮೊದಲ ಇಬ್ಬರದು 3.6, ಮೂರನೆಯವರದು 2.5 ಎಂದಿಟ್ಟುಕೊಳ್ಳಿ. ಅವರವರು ಕೊಟ್ಟ ಅಂಕದಿಂದ ಅವರವರ ಸರಾಸರಿ ಕಳೆಯಿರಿ. ಮೊದಲ ತಂಡಕ್ಕೆ 0.4, 0.4. ಎರಡನೆಯದಕ್ಕೆ 0.6, 0.6, 0.5. ಇವುಗಳ ಸರಾಸರಿ ಮೊದಲನೆಯದಕ್ಕೆ 0.40, ಎರಡನೆಯದಕ್ಕೆ 0.57. ಈಗ ಕ್ರಮ ಸರಿಯಾಯಿತು. ಬಿಗಿ ಕೈಯವರ 3.0 ಅವರ ಮಟ್ಟಿಗೆ ದೊಡ್ಡ ಅಂಕವೇ ಆಗಿತ್ತು. ಐದಾರು ತಂಡಗಳಷ್ಟೇ ಇರುವ ಸ್ಪರ್ಧೆಗೆ ಮಾತ್ರ ಇದನ್ನು ಹಾಕಬೇಡಿ. ಅಷ್ಟು ಕಮ್ಮಿ ಅಂಕಗಳ ಸರಾಸರಿ ಜಡ್ಜ್‌ನ ಕೈ ಬಿಗಿಯೋ ತಂಡಗಳೇ ಸಪ್ಪೆಯೋ ಎಂದು ಬೇರೆ ಮಾಡಿ ತೋರಿಸುವುದಿಲ್ಲ. ಅಲ್ಲಿ ಸಂಬಂಧ ಇಲ್ಲದ ಜಡ್ಜ್‌ಗಳನ್ನೇ ಹುಡುಕಿ.

8. ಸಮ ಬಂದರೆ, ತಕರಾರು ಬಂದರೆ

ಸಮ ಅಂಕ ಬಂದರೆ ಹೆಚ್ಚು ವೇಟೇಜ್ ಇರುವ ಬಾಬತ್ತಿನಲ್ಲಿ ಮುಂದಿದ್ದವರು ಗೆಲ್ಲುತ್ತಾರೆ. ಎರಡು ಬಾಬತ್ತಿಗೆ ಒಂದೇ ವೇಟೇಜ್ ಇದ್ದರೆ ಯಾವುದು ಮೊದಲು ಎಂದೂ ಬರೆದಿಡಿ. 0.02ರಂಥ ಅಂತರವನ್ನು ನಾನು ಸಮ ಎಂದೇ ಎಣಿಸುತ್ತೇನೆ, ಆದರೆ ಎಷ್ಟರವರೆಗೆ ಸಮ ಎಂಬ ಗೆರೆಯನ್ನೂ ಮೊದಲ ದಿನದ ಕಾಗದದಲ್ಲೇ ಎಳೆದಿರಬೇಕು.

ಫಲಿತಾಂಶದ ಜೊತೆ ಪ್ರತಿ ತಂಡಕ್ಕೂ ಅದರ ನಾಲ್ಕು ಸರಾಸರಿ ಅಂಕ ಮತ್ತು ಮೆಟ್ಟಿಲಿನ ಹಾಳೆ ಕೊಡಿ. ಯಾವ ಜಡ್ಜ್ ಎಷ್ಟು ಕೊಟ್ಟರು ಎಂಬುದನ್ನು ಕೊಡಬೇಡಿ, ನಾಳೆ ಅವರು ಅದೇ ಹುಡುಗರ ಅಪ್ಪಂದಿರ ಜೊತೆ ವ್ಯಾಪಾರ ಮಾಡಬೇಕು. ಸಹಿ ಇರುವ ಮೂಲ ಹಾಳೆಗಳನ್ನು ಒಂದು ತಿಂಗಳು ಆಯೋಜಕರ ಕಪಾಟಿನಲ್ಲಿಡಿ. ಯಾರಾದರೂ ಬಂದು "ನಮಗೆ ಟ್ರಾಕ್ಷನ್‌ನಲ್ಲಿ 2 ಯಾಕೆ ಸಾರ್?" ಎಂದು ಕೇಳಿದರೆ ಮೂರನೇ ಮೆಟ್ಟಿಲಿನ ಸಾಲು ಓದಿ ಹೇಳಿ, ಬಳಸಿ ನೋಡಿದ ಗಿರಾಕಿಯ ಹೆಸರು ಅವರ ಬಳಿ ಅವತ್ತು ಇತ್ತೇ ಎಂದು ಕೇಳಿ.